ಇಳಕಲ್ ಸೀರೆಗೆ ಇಸ್ತ್ರಿ: ಒಡಲಿಗೊಂದು ಬಿಸಿ, ಸೆರಗಿಗೊಂದು

ಪ್ರಶ್ನೆ: ನನ್ನ ಇಳಕಲ್ ಸೀರೆಯ ಒಡಲು ಹತ್ತಿ, ಸೆರಗು ರೇಷ್ಮೆ. ಇಸ್ತ್ರಿ ಪೆಟ್ಟಿಗೆಯನ್ನು ಯಾವುದಕ್ಕೆ ಇಡಬೇಕು? — ಓದುಗರು, ಕುಷ್ಟಗಿ

ಮೊದಲು ರೇಷ್ಮೆಗೆ, ಆಮೇಲೆ ಹತ್ತಿಗೆ. ಪೆಟ್ಟಿಗೆ ಬೇಗ ಕಾಯುತ್ತದೆ, ಆರಲು ಮಾತ್ರ ಹೊತ್ತು ಹಿಡಿಯುತ್ತದೆ. ಒಡಲು ಮುಗಿಸಿ ಗುಂಡಿ ಇಳಿಸಿದ ಕೂಡಲೇ ಸೆರಗಿಗೆ ಒತ್ತಿದರೆ ತಳದಲ್ಲಿ ಇನ್ನೂ ಹತ್ತಿಯ ಬಿಸಿಯೇ ಇರುತ್ತದೆ. ರೇಷ್ಮೆ ಹಳದಿಯಾಗುವುದು ಹೆಚ್ಚಾಗಿ ಹೀಗೆಯೇ.

ಬಟ್ಟೆಯ ಪಟ್ಟಿಯ ಮೇಲಿನ ಚುಕ್ಕಿಗಳಿಗೆ ಲೆಕ್ಕವಿದೆ: ಒಂದು ಚುಕ್ಕಿ ಎಂದರೆ ಹೆಚ್ಚೆಂದರೆ 110 ಡಿಗ್ರಿ ಸೆಲ್ಸಿಯಸ್, ಎರಡು 150, ಮೂರು 200. ಸೆರಗನ್ನು ಒಳಮಗ್ಗುಲಾಗಿ ಹಾಸಿ, ಮೇಲೆ ತೆಳು ಹತ್ತಿ ಬಟ್ಟೆ ಹೊದಿಸಿ, ಒಂದು ಚುಕ್ಕಿಯಿಂದ ಶುರು ಮಾಡಿ. ಸುಕ್ಕು ಬಿಡದಿದ್ದರೆ ಮಾತ್ರ ಎರಡಕ್ಕೆ ಏರಿಸಿ. ಇಲ್ಲಿ ಹಬೆ ಬೇಡ. ಕಡಿಮೆ ಬಿಸಿಯಲ್ಲಿ ನೀರು ಪೂರ್ತಿ ಹಬೆಯಾಗದೆ ತೊಟ್ಟಿಕ್ಕುತ್ತದೆ, ರೇಷ್ಮೆಯ ಮೇಲೆ ಆ ಹನಿಯ ಗುರುತು ಉಳಿಯುತ್ತದೆ. ಒಡಲಿಗೆ ಮೂರು ಚುಕ್ಕಿ ಇಟ್ಟು, ಬಟ್ಟೆ ತುಸು ಹಸಿ ಇರುವಾಗ ಧಾರಾಳವಾಗಿ ಹಬೆ ಬಿಡಿ. ಬೋರ್‌ವೆಲ್ ನೀರು ಹಾಕಬೇಡಿ, ಅದರ ಸುಣ್ಣ ತೂತುಗಳಲ್ಲಿ ಕಟ್ಟಿ ಬಟ್ಟೆ ಮೇಲೆ ಬಿಳಿ ಪುಡಿಯಾಗಿ ಉದುರುತ್ತದೆ. ಊರಿನ ಶುದ್ಧ ನೀರಿನ ಘಟಕದ ನೀರು ಸಾಕು.

ಸೆರಗು ನಿಜಕ್ಕೂ ರೇಷ್ಮೆಯೇ ಎಂಬ ಅನುಮಾನವಿದ್ದರೆ ಅಂಚಿನ ಒಂದು ಎಳೆ ಕಿತ್ತು ಸುಟ್ಟು ನೋಡಿ. ಕೂದಲು ಸುಟ್ಟ ವಾಸನೆ ಬಂದು ಬೂದಿ ಪುಡಿಯಾದರೆ ರೇಷ್ಮೆ. ಕಾಗದ ಸುಟ್ಟಂತಿದ್ದರೆ ಕೃತಕ ರೇಷ್ಮೆ, ಅಂದರೆ ರೇಯಾನ್. ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್. ಪಾಲಿಯೆಸ್ಟರ್ ಕರಗಲು 250 ಡಿಗ್ರಿ ದಾಟಬೇಕು, ಆದರೆ ಅದಕ್ಕೂ ಬಹಳ ಮೊದಲೇ ಮೆತ್ತಗಾಗಿ, ಒತ್ತಿದ ಜಾಗ ಮಿರುಗತೊಡಗುತ್ತದೆ. ಆ ಮಿರುಗು ಮತ್ತೆ ಹೋಗುವುದು ಕಷ್ಟ. ಅದಕ್ಕೇ ಎರಡು ಚುಕ್ಕಿ ಮೀರಬಾರದು. ಉಣ್ಣೆಯ ಶಾಲಿಗೂ ಅಷ್ಟೇ ಬಿಸಿ, ಆದರೆ ಅದನ್ನು ಉಜ್ಜಬೇಡಿ. ಒದ್ದೆ ಬಟ್ಟೆ ಹಾಸಿ, ಒತ್ತಿ, ಎತ್ತಿ.

ಇನ್ನು ಪೆಟ್ಟಿಗೆಯ ತಳ. ಅಲ್ಯೂಮಿನಿಯಂ ಬೇಗ ಕಾಯುತ್ತದೆ, ಬಿಸಿ ಎಲ್ಲ ಕಡೆ ಸಮನಾಗಿ ಹರಡುತ್ತದೆ, ಆದರೆ ಲೋಹ ಮೆದು. ಬಳ್ಳಾರಿ ಜೀನ್ಸಿನ ಜಿಪ್ಪು, ರಿವೆಟ್ಟಿನ ಮೇಲೆ ಎಳೆದರೆ ಗೀರು ಬೀಳುತ್ತದೆ, ಆ ಗೀರೇ ಮುಂದೆ ರೇಷ್ಮೆಯ ಎಳೆ ಕೀಳುತ್ತದೆ. ನಾನ್‌ಸ್ಟಿಕ್ ಲೇಪ ನುಣ್ಣಗೆ ಜಾರುತ್ತದೆ, ಗೀರಿದರೆ ಕೀಳುತ್ತದೆ. ಸ್ಟೀಲು ಗಟ್ಟಿ. ಸೆರಾಮಿಕ್ ಚೆನ್ನಾಗಿ ಜಾರುತ್ತದೆ, ಕೆಳಗೆ ಬಿದ್ದರೆ ಚಕ್ಕೆ ಏಳುತ್ತದೆ. ತಳ ಯಾವುದೇ ಇರಲಿ, ಬಟ್ಟೆ ತಡೆಯುವ ಬಿಸಿ ಬದಲಾಗುವುದಿಲ್ಲ. ನುಣ್ಣನೆಯ ತಳವೆಂದು ಗುಂಡಿ ಏರಿಸಬಾರದು.

ಸೀರೆಗೆ ಮುನ್ನ ತಣ್ಣಗಿರುವ ತಳದ ಮೇಲೆ ಹಳೆಯ ತೆಳು ದುಪ್ಪಟ್ಟಾ ಎಳೆದು ನೋಡಿ. ಎಲ್ಲಾದರೂ ಸಿಕ್ಕಿಕೊಂಡರೆ ಆ ಪೆಟ್ಟಿಗೆ ಜೀನ್ಸಿಗೇ ಇರಲಿ.