ಒಂದು ವಾರ ಮಾತು ನಿಂತ ಮೇಲೆ ಏನೆಂದು ಮೆಸೇಜ್ ಕಳಿಸಲಿ?

ಪ್ರಶ್ನೆ: ಸ್ನೇಹಿತರ ಮೂಲಕ ಪರಿಚಯವಾದ ಒಬ್ಬರ ಜೊತೆ ಸುಮಾರು ಮೂರು ವಾರ ದಿನವೂ ಮೆಸೇಜ್‌ನಲ್ಲಿ ಮಾತಾಡುತ್ತಿದ್ದೆ. ಜಗಳವಿಲ್ಲ, ಮನಸ್ತಾಪವಿಲ್ಲ. ಆದರೂ ಕಳೆದ ಒಂದು ವಾರದಿಂದ ಇಬ್ಬರ ಕಡೆಯಿಂದಲೂ ಏನೂ ಇಲ್ಲ. ನಾನೇ ಮೊದಲು ಬರೆದರೆ ಹಿಂದೆ ಬಿದ್ದಂತೆ ಕಾಣುತ್ತದೆ ಎಂಬ ಅಳುಕು. ಬರೆಯದಿದ್ದರೆ ನಾನೇ ಕಡೆಗಣಿಸಿದೆ ಎಂದುಕೊಂಡಾರು ಎಂಬ ಅಳುಕೂ ಇದೆ. ಎರಡು ಮೆಸೇಜ್ ಬರೆದು ಕಳಿಸದೆ ಇಟ್ಟುಕೊಂಡಿದ್ದೇನೆ. ಏನೆಂದು ಬರೆಯಲಿ?

ಉತ್ತರ: ಹೊಸದಾಗಿ ಬರೆಯುವ ಮೊದಲು ಹಳೆಯದನ್ನು ಓದಿ. ನೀವು ಕಳಿಸಿಕೊಟ್ಟ ಸಂಭಾಷಣೆಯ ಕೊನೆಯ ನಾಲ್ಕು ಸಾಲುಗಳು ಹೀಗಿವೆ:

ಅವರು: "ಈ ವಾರ ಮನೆ ಬದಲಾಯಿಸಬೇಕು. ಪುಸ್ತಕಗಳೇ ಹನ್ನೆರಡು ಪೆಟ್ಟಿಗೆ ಆಗಿವೆ."
ನೀವು: "ಅಯ್ಯೋ, ಅಷ್ಟೊಂದು!"
ಅವರು: "ಹೂಂ."
ನೀವು: "ಹಹಹ, ಸರಿ."

ಇಲ್ಲಿ ಯಾರೂ ಯಾರನ್ನೂ ಕಡೆಗಣಿಸಿಲ್ಲ. ಉತ್ತರ ಕೊಡಬೇಕಾದ ಪ್ರಶ್ನೆಯೇ ಇಲ್ಲ. ಮಾತು ಮುಗಿದಿದೆ, ಅಷ್ಟೇ. ಜನರ ಸಂಭಾಷಣೆಗಳನ್ನು ಸಾಲುಸಾಲಾಗಿ ಅಧ್ಯಯನ ಮಾಡಿದ ಇಮ್ಯಾನುಯೆಲ್ ಶೆಗ್ಲಾಫ್ ಮತ್ತು ಹಾರ್ವಿ ಸ್ಯಾಕ್ಸ್ 1973ರಲ್ಲೇ ಇದನ್ನು ವಿವರಿಸಿದ್ದರು. ಮಾತು ತಾನಾಗಿ ನಿಲ್ಲುವುದಿಲ್ಲ. ಇಬ್ಬರೂ ಸೇರಿ ನಿಲ್ಲಿಸುತ್ತಾರೆ. ಒಬ್ಬರು ಹೊಸ ವಿಷಯ ಸೇರಿಸದೆ 'ಸರಿ' ಎಂಬಂಥ ಮಾತಿನಲ್ಲಿ ತಮ್ಮ ಸರದಿಯನ್ನು ಬಿಟ್ಟುಕೊಡುತ್ತಾರೆ, ಇನ್ನೊಬ್ಬರೂ ಹಾಗೆಯೇ ಬಿಟ್ಟುಕೊಟ್ಟರೆ ಮುಗಿಸಲು ದಾರಿಯಾಗುತ್ತದೆ. ಅವರು ನೋಡಿದ್ದು ದೂರವಾಣಿ ಮಾತುಕತೆಗಳನ್ನು. ಅವರ 'ಹೂಂ' ಮತ್ತು ನಿಮ್ಮ 'ಹಹಹ, ಸರಿ' ಮಾಡಿರುವುದೂ ಅದೇ ಕೆಲಸವನ್ನು. ಫೋನ್ ಆಗಿದ್ದರೆ 'ಇಡಲೇ?' ಎಂದು ಕೇಳಿ ಇಡುತ್ತಿದ್ದಿರಿ, ಮನಸ್ಸಿಗೆ ಏನೂ ಅನ್ನಿಸುತ್ತಿರಲಿಲ್ಲ. ಮೆಸೇಜ್‌ನಲ್ಲಿ ಬಾಗಿಲು ಹಾಕಿದ ಸದ್ದು ಕೇಳುವುದಿಲ್ಲವಾದ್ದರಿಂದ, ಮುಗಿದ ಮಾತು ಅರ್ಧಕ್ಕೆ ನಿಂತ ಮಾತಿನಂತೆ ತೋರುತ್ತದೆ.

ಈಗ ನೀವು ಬರೆದಿಟ್ಟುಕೊಂಡ ಎರಡು ಮೆಸೇಜ್‌ಗಳನ್ನು ನೋಡೋಣ.

ಮೊದಲನೆಯದು: "ಹಾಯ್, ಏಕೆ ಮಾತೇ ಇಲ್ಲ? ನನ್ನಿಂದ ಏನಾದರೂ ತಪ್ಪಾಯಿತೇ?"

ಎರಡನೆಯದು: "ಕ್ಷಮಿಸಿ, ಒಂದು ವಾರದಿಂದ ಮೆಸೇಜ್ ಮಾಡಲಾಗಲಿಲ್ಲ. ಕಚೇರಿಯಲ್ಲಿ ವಿಪರೀತ ಕೆಲಸವಿತ್ತು, ನಡುವೆ ಆರೋಗ್ಯವೂ ಸರಿ ಇರಲಿಲ್ಲ. ನೀವು ತಪ್ಪು ತಿಳಿದಿಲ್ಲ ತಾನೇ?"

ಒಂದರಲ್ಲಿ ಹಂಬಲ, ಇನ್ನೊಂದರಲ್ಲಿ ಅಪರಾಧಿ ಭಾವ. ಆದರೆ ಎರಡರ ಕಾಯಿಲೆಯೂ ಒಂದೇ. ಎರಡೂ ಮೌನದ ಬಗ್ಗೆ ಇವೆ, ಮತ್ತು ಎರಡೂ ಆ ಕಡೆಯವರಿಗೆ ಒಂದು ಕೆಲಸ ಹಚ್ಚುತ್ತವೆ. ಮೊದಲನೆಯದಕ್ಕೆ ಅವರು "ಛೆ, ಹಾಗೇನಿಲ್ಲ" ಎಂದು ಸಮಾಧಾನ ಹೇಳಬೇಕು. ಎರಡನೆಯದಕ್ಕೆ "ಪರವಾಗಿಲ್ಲ ಬಿಡಿ" ಎಂದು ಕ್ಷಮಿಸಬೇಕು. ಅದಾದ ಮೇಲೆ? ಮಾತು ಮತ್ತೆ ಅಲ್ಲಿಗೇ ನಿಲ್ಲುತ್ತದೆ, ಏಕೆಂದರೆ ಮಾತಾಡಲು ವಿಷಯ ಇನ್ನೂ ಬಂದೇ ಇಲ್ಲ. ಎರಡನೆಯದರಲ್ಲಿ ಇನ್ನೊಂದು ತೊಡಕಿದೆ: ಅವರು ಮೌನವನ್ನು ಗಮನಿಸಿಯೇ ಇರಲಿಕ್ಕಿಲ್ಲ. ಮನೆ ಸಾಗಿಸುತ್ತಿರುವವರಿಗೆ ಒಂದು ವಾರ ಹೋದದ್ದೇ ತಿಳಿಯುವುದಿಲ್ಲ. ಅಂಥವರ ಮುಂದೆ ಕ್ಷಮೆ ಕೇಳಿದರೆ, ಇಲ್ಲದ ತಪ್ಪನ್ನು ಹುಟ್ಟಿಸಿ ಅದಕ್ಕೆ ಮಾಫಿ ಕೇಳಿದಂತಾಗುತ್ತದೆ.

ಆದ್ದರಿಂದ ನಡುವಿನ ವಾರವನ್ನು ಪ್ರಸ್ತಾಪಿಸದೆ ಬಿಡಿ. ನಿನ್ನೆಯೂ ಮಾತಾಡಿದ್ದರೆ ಇಂದು ಕಳಿಸಬಹುದಾಗಿದ್ದ ಮೆಸೇಜನ್ನೇ ಕಳಿಸಿ. ಅದಕ್ಕೆ ಬೇಕಾದ ಸಾಮಗ್ರಿ ಹಳೆಯ ಸಂಭಾಷಣೆಯಲ್ಲೇ ಇರುತ್ತದೆ: ಅವರು ಹೇಳಿ, ನೀವು ಕೇಳದೆ ಬಿಟ್ಟ ಸಂಗತಿ. ಇಲ್ಲಿ ಅದು ಹನ್ನೆರಡು ಪೆಟ್ಟಿಗೆ ಪುಸ್ತಕ. ಅಷ್ಟು ಚೆಂದದ ವಿಷಯವನ್ನು 'ಅಯ್ಯೋ' ಎಂದು ಕೈಬಿಟ್ಟಿದ್ದೀರಿ! ಹೀಗೆ ಬರೆಯಬಹುದು:

"ನಿಮ್ಮ ಹನ್ನೆರಡು ಪೆಟ್ಟಿಗೆ ನೆನಪಾಯಿತು. ನಿನ್ನೆ ನನ್ನ ಕಪಾಟು ಜೋಡಿಸಲು ಹೋಗಿ, ಅರ್ಧದಲ್ಲೇ ಒಂದು ಹಳೆಯ ಪತ್ತೇದಾರಿ ಕಾದಂಬರಿ ಹಿಡಿದು ಕೂತುಬಿಟ್ಟೆ. ಹೊಸ ಮನೆಯಲ್ಲಿ ನೀವು ಮೊದಲು ಬಿಚ್ಚಿದ್ದು ಯಾವ ಪೆಟ್ಟಿಗೆ?"

ಮೊದಲ ವಾಕ್ಯವು ಈಗ ಏಕೆ ಬರೆಯುತ್ತಿದ್ದೀರಿ ಎಂಬುದಕ್ಕೆ ಕಾರಣ ಕೊಡುತ್ತದೆ, ಆ ಕಾರಣ ಅವರ ಮಾತಿನಿಂದಲೇ ಬಂದದ್ದು. ಫೋನಿನ ಪರದೆಯ ಮೇಲೆ ಸೂಚನೆಯಾಗಿ ಕಾಣುವುದೂ ಸಾಮಾನ್ಯವಾಗಿ ಮೊದಲ ಒಂದೆರಡು ಸಾಲುಗಳೇ. ಅಲ್ಲಿ ಬರಿಯ 'ಹಾಯ್' ಇದ್ದರೆ, ವಿಷಯವೇನೆಂದು ತಿಳಿಯುವ ಮೊದಲೇ ಉತ್ತರ ಕೊಡಬೇಕಾದ ಪೇಚು ಅವರದು. ಎರಡನೆಯ ವಾಕ್ಯದಲ್ಲಿ ನಿಮ್ಮ ಕಡೆಯಿಂದ ಸ್ವಲ್ಪ ಕೊಟ್ಟಿದ್ದೀರಿ, ಇದು ಬರೀ ವಿಚಾರಣೆಯಲ್ಲ. ಮೂರನೆಯದು ಒಂದೇ ಒಂದು ಪ್ರಶ್ನೆ, ಬಸ್ಸಿಗೆ ಕಾಯುತ್ತಾ ನಿಂತವರೂ ಒಂದು ಸಾಲಿನಲ್ಲಿ ಉತ್ತರಿಸಬಹುದಾದದ್ದು. ಮನಸ್ಸಿದ್ದರೆ ಹತ್ತು ಸಾಲೂ ಬರೆಯಬಹುದು. "ಹೇಗಿದ್ದೀರಿ, ಏನು ಸಮಾಚಾರ?" ಎಂದರೆ ಇದು ಆಗುವುದಿಲ್ಲ. ಅದು ಸುಲಭದ ಪ್ರಶ್ನೆಯಂತೆ ಕಂಡರೂ ಒಂದು ವಾರದ ವರದಿ ಕೇಳುತ್ತದೆ, ಇಲ್ಲವೇ "ಚೆನ್ನಾಗಿದ್ದೇನೆ" ಎಂಬಲ್ಲಿಗೆ ಮುಗಿಯುತ್ತದೆ.

ಕಪಾಟಿನ ಕತೆ ನಿಜವಾಗಿರಬೇಕು ಎಂದು ಬೇರೆ ಹೇಳಬೇಕಿಲ್ಲ. ಕಟ್ಟುಕತೆ ಹೇಳಿದರೆ ಅವರ ಮರುಪ್ರಶ್ನೆ "ಯಾವ ಕಾದಂಬರಿ?" ಎಂದೇ ಇರುತ್ತದೆ. ಹೇಳುವಂಥದ್ದು ಏನೂ ನಡೆದಿಲ್ಲವಾದರೆ ಆ ವಾಕ್ಯವನ್ನೇ ತೆಗೆಯಿರಿ, ಉಳಿದ ಎರಡು ಸಾಕು. ಮೆಸೇಜ್ ಒತ್ತಿ ಹಿಡಿದು ಅದಕ್ಕೇ ನೇರವಾಗಿ ಉತ್ತರಿಸುವ ಸೌಲಭ್ಯವಿದ್ದರೆ, ಅವರ ಪೆಟ್ಟಿಗೆಯ ಮಾತಿಗೇ ಇದನ್ನು ಜೋಡಿಸಬಹುದು. ಹಿಂದಕ್ಕೆ ಹೋಗಿ ಹುಡುಕುವ ಶ್ರಮ ಅವರಿಗೆ ತಪ್ಪುತ್ತದೆ. ಆದರೆ ಉತ್ತರ ಸಿಗದ ನಿಮ್ಮದೇ ಹಳೆಯ ಮೆಸೇಜನ್ನು ಎಂದೂ ಹೀಗೆ ಎತ್ತಿ ಹಿಡಿಯಬೇಡಿ. ಅದು ನೆನಪೋಲೆಯಂತೆ ಕಾಣುತ್ತದೆ.

ಎಷ್ಟೋ ಮೆಸೇಜ್‌ಗಳನ್ನು ಕೆಡಿಸುವುದು ಬಾಲ. ವಿಷಯವೆಲ್ಲ ಸರಿಯಾಗಿ ಬರೆದು, ಕೊನೆಗೆ "ಬಿಡುವಿದ್ದರೆ ಮಾತ್ರ ಉತ್ತರಿಸಿ, ತೊಂದರೆ ಕೊಟ್ಟಿದ್ದರೆ ಕ್ಷಮಿಸಿ, ಸುಮ್ಮನೆ ಕೇಳಿದೆ ಅಷ್ಟೇ" ಎಂದು ಸೇರಿಸುತ್ತಾರೆ. ವಿನಯಕ್ಕೆಂದು ಬರೆದದ್ದು, ಓದುವವರಿಗೆ ಕೇಳಿಸುವುದು ಅಳುಕು. ಬರೆದಾದ ಮೇಲೆ ಕೊನೆಯ ವಾಕ್ಯವನ್ನು ಅಳಿಸಿ ಓದಿ ನೋಡಿ. ಅರ್ಥ ಕೆಡದಿದ್ದರೆ ಅದು ಬೇಕಿರಲಿಲ್ಲ.

ನಿಮ್ಮ ಮೊದಲ ಅಳುಕಿಗೆ, ಅಂದರೆ ತಾನಾಗಿ ಬರೆದರೆ ಹಗುರವಾಗುತ್ತೇನೆ ಎಂಬುದಕ್ಕೆ, ಒಂದು ಉತ್ತರವಿದೆ. ಪೆಗ್ಗಿ ಲಿಯು ಮತ್ತು ಸಂಗಡಿಗರು 2022ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಕೆಲ ಕಾಲದಿಂದ ಸಂಪರ್ಕದಲ್ಲಿಲ್ಲದ ಪರಿಚಿತರಿಗೆ ಚುಟುಕು ಸಂದೇಶ ಕಳಿಸಿದವರನ್ನೂ ಪಡೆದವರನ್ನೂ ಕೇಳಲಾಯಿತು. ಪಡೆದವರಿಗೆ ಎಷ್ಟು ಹಿತವೆನಿಸುತ್ತದೆ ಎಂಬುದನ್ನು ಕಳಿಸಿದವರು ಕಡಿಮೆಯೇ ಅಂದಾಜು ಮಾಡಿದ್ದರು. ಅನಿರೀಕ್ಷಿತವಾಗಿ ಬಂದದ್ದು ಎಂಬ ಅಚ್ಚರಿಯೇ ಆ ಹಿತಕ್ಕೆ ಮುಖ್ಯ ಕಾರಣವಾಗಿತ್ತು, ಕಳಿಸುವವರ ಗಮನ ಮಾತ್ರ ಅದರ ಮೇಲೆ ಇರಲಿಲ್ಲ. ಇದನ್ನು ಅತಿಯಾಗಿ ಹಿಗ್ಗಿಸಬೇಡಿ. ಹಿತವೆನಿಸುವುದು ಬೇರೆ, ಉತ್ತರ ಬರುವುದು ಬೇರೆ. ದಿನಕ್ಕೊಂದು ಕಳಿಸಿದರೆ ಅಚ್ಚರಿಯೂ ಉಳಿಯುವುದಿಲ್ಲ.

ಮೌನ ನಿಮ್ಮಂತೆ ಸಮಪಾಲಿನದಾಗಿರದೆ, ಅವರ ಪ್ರಶ್ನೆಗೆ ನೀವೇ ಉತ್ತರ ಕೊಡದೆ ಬಿಟ್ಟಿದ್ದರೆ ಲೆಕ್ಕ ಬೇರೆ. ಅವರು "ಆ ಕೋರ್ಸ್ ಸೇರಲೋ ಬೇಡವೋ, ನಿಮಗೇನನ್ನಿಸುತ್ತದೆ?" ಎಂದು ಕೇಳಿದ್ದರು ಎನ್ನಿ. ಆಗ ಏನೂ ಆಗದವರಂತೆ ಪುಸ್ತಕದ ಸುದ್ದಿ ಎತ್ತುವುದು ಒರಟುತನ. ತಡವನ್ನು ಒಪ್ಪಿಕೊಳ್ಳಬೇಕು, ಆದರೆ ಅರ್ಧ ವಾಕ್ಯದಲ್ಲಿ. ಉಳಿದದ್ದೆಲ್ಲ ಉತ್ತರವಾಗಿರಬೇಕು: "ತಡವಾಗಿ ಉತ್ತರಿಸುತ್ತಿದ್ದೇನೆ. ಕೋರ್ಸ್ ವಿಷಯ ಯೋಚಿಸಿದೆ. ಸಂಜೆಯ ತರಗತಿ ಸಿಗುವುದಾದರೆ ಸೇರಿ, ಕೆಲಸ ಬಿಟ್ಟು ಸೇರುವಷ್ಟು ಅದರಲ್ಲಿ ಇಲ್ಲ ಎಂದು ನನ್ನ ಅನಿಸಿಕೆ. ನೀವು ಆಗಲೇ ನಿರ್ಧರಿಸಿದ್ದೀರೋ?" ತಡಕ್ಕೆ ನಿಜವಾದ ಬೆಲೆಯೆಂದರೆ ಒಳ್ಳೆಯ ಉತ್ತರ. ಕಾರಣಗಳ ಪಟ್ಟಿಯಿಂದ ಅವರಿಗೆ ಸಿಗುವುದು ಏನೂ ಇಲ್ಲ. ಕೆಲಸದ ಇಮೇಲ್‌ಗಳ ಬಗ್ಗೆ ಲಾರಾ ಗಿಯುರ್ಜ್ ಮತ್ತು ವನೆಸ್ಸಾ ಬೋನ್ಸ್ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಳಿಸಿದವರು ಎಷ್ಟು ಬೇಗ ಉತ್ತರ ಬಯಸುತ್ತಾರೆ ಎಂಬುದನ್ನು ಪಡೆದವರು ಇರುವುದಕ್ಕಿಂತ ಹೆಚ್ಚೆಂದೇ ಭಾವಿಸಿದ್ದರು. ಸ್ನೇಹದ ಮಾತು ಕಚೇರಿಯ ಇಮೇಲ್ ಅಲ್ಲ, ನಿಜ. ಆದರೂ ನಿಮ್ಮ ತಲೆಯೊಳಗಿನ ಗಡುವು ಅವರು ಹಾಕಿದ್ದೇ ಎಂದು ಒಮ್ಮೆ ಕೇಳಿಕೊಳ್ಳಬಹುದು.

ತಿರುಗುಮುರುಗಾಗಿ, ನಿಮ್ಮ ಪ್ರಶ್ನೆಗೆ ಅವರು ಉತ್ತರಿಸದೆ ಉಳಿದಿದ್ದರೆ ಆ ಪ್ರಶ್ನೆಯನ್ನು ಅಲ್ಲಿಯೇ ಬಿಟ್ಟು ಹೊಸ ವಿಷಯದಿಂದ ಹೊರಡಿ. "ನೋಡಲಿಲ್ಲವೇ?" ಎಂದು ಕೇಳುವ ಅಗತ್ಯವಿಲ್ಲ. ನೋಡಿರುತ್ತಾರೆ.

ಕಳಿಸಿದ ಮೇಲೆ ಏನು ಬರುತ್ತದೆ ಎಂಬುದಕ್ಕೂ ಸಿದ್ಧರಾಗಿರಿ. ಬಹುಶಃ ಅವರೇ "ಅಯ್ಯೋ, ಕ್ಷಮಿಸಿ, ಮನೆ ಸಾಗಿಸುವ ಗಲಾಟೆಯಲ್ಲಿ ಮರೆತೇಬಿಟ್ಟೆ" ಎನ್ನಬಹುದು. ಆಗ "ನಾನೂ ಏನಾಯಿತೋ ಎಂದು ಯೋಚಿಸುತ್ತಿದ್ದೆ" ಎಂದರೆ ಇಷ್ಟು ಹೊತ್ತು ಬಚ್ಚಿಟ್ಟದ್ದೆಲ್ಲ ಹೊರಬೀಳುತ್ತದೆ. "ಪರವಾಗಿಲ್ಲ" ಎಂದು ಹೇಳಿ ಪೆಟ್ಟಿಗೆಗೆ ಮರಳಿ. ಉತ್ತರದ ಜೊತೆ ಅವರಾಗಿ ಏನನ್ನಾದರೂ ಸೇರಿಸಿದರೆ, ಅಥವಾ ತಿರುಗಿ ಒಂದು ಪ್ರಶ್ನೆ ಕೇಳಿದರೆ, ಮಾತಿಗೆ ಜೀವವಿದೆ. ಕೇಳಿದ್ದಕ್ಕಷ್ಟೇ ಉತ್ತರ, ಅದೂ ಎರಡು ಸಲ ಹಾಗೆಯೇ ಬಂದರೆ, ಅವರಿಗೆ ಈಗ ಮಾತು ಬೇಕಿಲ್ಲ ಎಂದು ತಿಳಿದು ಬಿಟ್ಟುಬಿಡಿ.

ಉತ್ತರವೇ ಬರದಿದ್ದರೆ? ನೀಲಿ ಗುರುತು ಬಂದಿರಲಿ, ಬಾರದಿರಲಿ, ಎರಡನೆಯ ಮೆಸೇಜ್ ಬೇಡ. ಕಳಿಸಿದ್ದನ್ನು ಅಳಿಸಲೂ ಹೋಗಬೇಡಿ. ಹಲವು ಆ್ಯಪ್‌ಗಳಲ್ಲಿ ಅಳಿಸಿದ ಗುರುತು ಉಳಿಯುತ್ತದೆ, ಅದು ಮೆಸೇಜಿಗಿಂತ ಹೆಚ್ಚು ಮಾತಾಡುತ್ತದೆ. ಕೆಲವು ವಾರಗಳಾದ ಮೇಲೆ, ಅವರಿಗೇ ಹೇಳಬೇಕು ಅನ್ನಿಸುವ ಸಂಗತಿ ನಿಜಕ್ಕೂ ಎದುರಾದರೆ ಇನ್ನೊಮ್ಮೆ ಬರೆಯಬಹುದು, ಪ್ರಶ್ನೆಯಿಲ್ಲದೆ. ಅದಕ್ಕೂ ಉತ್ತರವಿಲ್ಲದಿದ್ದರೆ ಅಲ್ಲಿಗೆ ನಿಲ್ಲಿಸಿ.

ಈ ಕ್ರಮ ಹೊಂದದ ಸಂದರ್ಭವೂ ಇದೆ. ಮಾತು ನಿಲ್ಲುವ ಮುನ್ನ ಅವರಿಗೆ ನೋವಾಗುವಂಥದ್ದನ್ನು ನೀವು ಆಡಿದ್ದರೆ, ಪೆಟ್ಟಿಗೆ, ಪುಸ್ತಕ ಎಂದು ಶುರು ಮಾಡುವುದು ಜಾಣ ಮರೆವಾಗುತ್ತದೆ. ಅಲ್ಲಿ ಕ್ಷಮೆಯೇ ವಿಷಯ. ಆಡಿದ ಮಾತನ್ನು ಹೆಸರಿಸಿ, ತಪ್ಪಾಯಿತು ಎಂದು ಹೇಳಿ, ಉತ್ತರ ಬೇಡದೆ ಕಳಿಸಬೇಕು. ನಿಮ್ಮ ನಾಲ್ಕು ಸಾಲುಗಳಲ್ಲಿ ಅಂಥದ್ದು ನನಗೇನೂ ಕಾಣಲಿಲ್ಲ.