36 ಮಕ್ಕಳ ತರಗತಿಯಲ್ಲಿ 39 ಕೈಗಳು

ಪ್ರಶ್ನೆ: ಆರನೇ ತರಗತಿಗೆ ದತ್ತಾಂಶ ಪಾಠ ಮಾಡುತ್ತಿದ್ದೇನೆ. ಮಕ್ಕಳು ಶಾಲೆಗೆ ಹೇಗೆ ಬರುತ್ತಾರೆ ಅಂತ ಕೈ ಎತ್ತಿಸಿ ಎಣಿಸಿದೆ. ಇದ್ದದ್ದು 36 ಮಕ್ಕಳು, ಲೆಕ್ಕ ಬಂದದ್ದು 39. ಸ್ತಂಭಾಲೇಖ ಬರೆಸುವ ಮೊದಲು ಒಂದೆರಡು ಸಂಖ್ಯೆ ಸರಿ ಮಾಡಿಕೊಂಡರೆ ತಪ್ಪೇ?

ತಪ್ಪು. ಈ ಪ್ರಶ್ನೆ ಪ್ರತಿ ವರ್ಷ ಬರುತ್ತದೆ. ಸಂಖ್ಯೆ ಬೇರೆ ಬೇರೆ, ಕಥೆ ಒಂದೇ. ಪ್ರತಿ ಸಲವೂ ಜೊತೆಗೆ ಒಂದು ಮಾತು ಇರುತ್ತದೆ: "ಕೈ ಎತ್ತಿಸಿದರೂ ಅಷ್ಟೇ, ಚೀಟಿ ಬರೆಸಿದರೂ ಅಷ್ಟೇ, ಸುಮ್ನೆ ಸಮಯ ಯಾಕೆ ಹಾಳು?" ಎರಡೂ ಒಂದೇ ಅಲ್ಲ. ನಾನೂ ಮೊದಲ ಕೆಲವು ವರ್ಷ ಕೈ ಎತ್ತಿಸಿಯೇ ಪಾಠ ಮುಗಿಸಿದವನು, ಹಾಗಾಗಿ ಇದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ನನ್ನ ತರಗತಿಯಲ್ಲೂ ಒಮ್ಮೆ ಹೀಗೇ ಆಯಿತು. ಅವತ್ತೂ 36 ಮಕ್ಕಳಿದ್ದರು. ನಡೆದು ಬರುವವರು 14, ಸೈಕಲ್ 8, ಬಸ್ 11, ದ್ವಿಚಕ್ರ ವಾಹನದ ಹಿಂದೆ ಕೂತು ಬರುವವರು 6. ಕೂಡಿದರೆ 39. ಒಬ್ಬ ಹುಡುಗ "ಸಾರ್, ಮೂರು ಜನ ಎರಡು ಸಲ ಕೈ ಎತ್ತಿದ್ದಾರೆ" ಅಂತ ತೀರ್ಪು ಕೊಟ್ಟ. ನನಗೂ ಹಾಗೇ ಅನ್ನಿಸಿತು. ಆದರೆ ಯಾರು ಆ ಮೂವರು? ಬೋರ್ಡಿನ ಮೇಲೆ ನಾಲ್ಕು ಸಂಖ್ಯೆ ಬಿಟ್ಟರೆ ಏನೂ ಇರಲಿಲ್ಲ. ಎತ್ತಿದ ಕೈಗಳೆಲ್ಲ ಕೆಳಗಿಳಿದಿದ್ದವು.

ಆಮೇಲೆ ಚೀಟಿ ಬರೆಸಿದೆ. ಬಂದದ್ದು ಇದು: ನಡೆದು 11, ಸೈಕಲ್ 7, ಬಸ್ 9, ದ್ವಿಚಕ್ರ ವಾಹನ 6, ವ್ಯಾನ್ 3. ಒಟ್ಟು 36. ಚೀಟಿಯಲ್ಲಿ ಹೆಸರಿತ್ತಲ್ಲ, ಹಾಗಾಗಿ ಮೊದಲ ಲೆಕ್ಕ ಎಲ್ಲಿ ಕೆಟ್ಟಿತು ಅಂತ ಒಬ್ಬೊಬ್ಬರನ್ನೇ ಕೇಳಿ ತಿಳಿಯಲು ಆಯಿತು. ಬಸ್ಸಿನಲ್ಲಿ ಬರುವ ಮೂವರು ಬಸ್ ಸ್ಟಾಪಿನ ತನಕ ನಡೆಯುತ್ತಾರೆ, "ನಡೆದು ಬರುವವರು" ಅಂದಾಗಲೂ ಕೈ ಎತ್ತಿದ್ದರು. ಒಬ್ಬ ದಿನಾ ಸೈಕಲ್‌ನಲ್ಲಿ ಬರುವವನು, ಅವತ್ತು ಮಾತ್ರ ಅಪ್ಪನ ಗಾಡಿಯಲ್ಲಿ ಬಂದಿದ್ದ, ಎರಡಕ್ಕೂ ಎತ್ತಿದ್ದ. ವ್ಯಾನ್‌ನವರಿಗೆ ನಾನು ಜಾಗವನ್ನೇ ಇಟ್ಟಿರಲಿಲ್ಲ. ಅವರಲ್ಲಿ ಇಬ್ಬರು ಬಸ್ಸಿಗೆ ಸೇರಿಕೊಂಡಿದ್ದರು, ಒಬ್ಬಳು ಯಾವುದಕ್ಕೂ ಕೈ ಎತ್ತದೆ ಸುಮ್ಮನೆ ಕೂತಿದ್ದಳು.

ಅಂದರೆ ನಾಲ್ಕು ಕೈ ಜಾಸ್ತಿ, ಒಂದು ಕೈ ಕಡಿಮೆ, ಎರಡು ಕೈ ತಪ್ಪು ಜಾಗದಲ್ಲಿ. ಒಟ್ಟು ಏಳು ತಪ್ಪು, ಹೊರಗೆ ಕಂಡದ್ದು ಮೂರು. ಆ ಹುಡುಗನ ಮಾತು ಕೇಳಿ ನಾನು "ನಡೆದು" ಅನ್ನುವುದರಲ್ಲಿ ಮೂರು ಕಳೆದಿದ್ದರೆ ಒಟ್ಟು 36 ಆಗುತ್ತಿತ್ತು, ಆ ಕಂಬವೂ ಅದೃಷ್ಟಕ್ಕೆ ಸರಿಯಾಗುತ್ತಿತ್ತು. ಸೈಕಲ್ ಮತ್ತು ಬಸ್ ಕಂಬ ಮಾತ್ರ ಸುಳ್ಳಾಗಿಯೇ ಉಳಿಯುತ್ತಿದ್ದವು, ವ್ಯಾನ್ ಕಂಬ ಇರುತ್ತಲೇ ಇರಲಿಲ್ಲ. ಇನ್ನೂ ಮೂವರು ನಾಚಿಕೊಂಡು ಕೈ ಎತ್ತದೇ ಇದ್ದಿದ್ದರೆ ಏನಾಗುತ್ತಿತ್ತು ನೋಡಿ. ಲೆಕ್ಕ ಸರಿಯಾಗಿ 36 ಬರುತ್ತಿತ್ತು, ನನಗೆ ಅನುಮಾನವೇ ಬರುತ್ತಿರಲಿಲ್ಲ. ಒಟ್ಟು ಹೊಂದದಿದ್ದರೆ ತಪ್ಪಿದೆ ಅಂತ ಖಚಿತ. ಹೊಂದಿತು ಅಂದಮಾತ್ರಕ್ಕೆ ತಪ್ಪಿಲ್ಲ ಅಂತ ಅಲ್ಲ.

ಇನ್ನೊಂದು ವಿಷಯ. ಕೈ ಎತ್ತುವಾಗ ಮಕ್ಕಳು ಪಕ್ಕದವರನ್ನು ನೋಡುತ್ತಾರೆ. "ಯಾವ ಆಟ ಇಷ್ಟ" ಅಂತ ಕೇಳಿ ನೋಡಿ, ತರಗತಿಯ ನಾಯಕ ಯಾವುದಕ್ಕೆ ಎತ್ತುತ್ತಾನೋ ಅದಕ್ಕೇ ಅರ್ಧ ಬೆಂಚು ಎತ್ತುತ್ತದೆ. ಚೀಟಿ ಬರೆಯುವಾಗ ಹಾಗಾಗುವುದು ಕಡಿಮೆ. ಸಮಯದ ವಿಷಯ ಹೇಳುವುದಾದರೆ, ಚೀಟಿಗೆ ನನ್ನ ತರಗತಿಯಲ್ಲಿ ಹಿಡಿದದ್ದು ಹತ್ತು ನಿಮಿಷ. ಕೈ ಎತ್ತಿಸಿ, ಜಗಳ ಬಿಡಿಸಿ, ಮತ್ತೆ ಎತ್ತಿಸುವುದಕ್ಕೂ ಅಷ್ಟೇ ಹಿಡಿದಿತ್ತು.

ಆದರೆ ಚೀಟಿ ಕೊಟ್ಟುಬಿಟ್ಟರೆ ಸಾಲದು, ಪ್ರಶ್ನೆ ಸರಿ ಇರಬೇಕು. "ಶಾಲೆಗೆ ಹೇಗೆ ಬರುತ್ತೀಯ?" ಅನ್ನುವ ಪ್ರಶ್ನೆಗೆ ಬಸ್ಸಿನ ಮಗು ಎರಡು ಉತ್ತರ ಬರೆದರೆ ಅದರ ತಪ್ಪಲ್ಲ. ಎರಡನೇ ಸಲ ನಾನು ಕೇಳಿದ್ದು: "ಇವತ್ತು ಬೆಳಿಗ್ಗೆ ಶಾಲೆಗೆ ಬರುವಾಗ ಎಲ್ಲಕ್ಕಿಂತ ಜಾಸ್ತಿ ದೂರ ಯಾವುದರಲ್ಲಿ ಬಂದೆ? ಒಂದೇ ಉತ್ತರ ಬರೆ." ಈ ವಾಕ್ಯವನ್ನು ಮಕ್ಕಳಿಂದಲೇ ತಿದ್ದಿಸಿ ಮಾಡಿಸಿದೆ. ಪಾಠದ ಅರ್ಧ ಕಲಿಕೆ ಅಲ್ಲೇ ಆಯಿತು ಅಂದರೆ ಉತ್ಪ್ರೇಕ್ಷೆಯಲ್ಲ. (ತೂಕ, ಅಂಕ, ಮನೆಯವರ ಕೆಲಸ ಇವನ್ನೆಲ್ಲ ಕೇಳಿಸಲೇಬೇಡಿ. ಕಂಬ ಚಿಕ್ಕದಾದ ಮಗು ಆ ದಿನವಿಡೀ ತಲೆ ಎತ್ತುವುದಿಲ್ಲ.)

ಚೀಟಿಗಳನ್ನು ಒಬ್ಬರು ಓದಲಿ, ಇಬ್ಬರು ಬೋರ್ಡಿನ ಎರಡು ಬದಿಯಲ್ಲಿ ಒಬ್ಬರದ್ದೊಬ್ಬರು ನೋಡದೆ ತಾಳೆ ಗುರುತು ಹಾಕಲಿ. ಇಲ್ಲಿ ಒಂದು ತಪ್ಪು ತಪ್ಪದೇ ಬರುತ್ತದೆ. ನಾಲ್ಕು ನಿಂತ ಗೆರೆ ಹಾಕಿ ಐದನೆಯದನ್ನು ಅಡ್ಡ ಎಳೆಯಬೇಕಲ್ವಾ, ಮಕ್ಕಳು ಐದು ನಿಲ್ಲಿಸಿ ಆರನೆಯದನ್ನು ಅಡ್ಡ ಎಳೆಯುತ್ತಾರೆ. ಎಣಿಸುವಾಗ ಮಾತ್ರ ಆ ಕಟ್ಟನ್ನು ಐದು ಅಂತಲೇ ಎಣಿಸುತ್ತಾರೆ. ನಮ್ಮ ಲೆಕ್ಕದಲ್ಲಿ ಹಾಗಾದರೆ 11 ಹೋಗಿ 10, 7 ಹೋಗಿ 6, 9 ಹೋಗಿ 8, 6 ಹೋಗಿ 5 ಆಗುತ್ತದೆ. ವ್ಯಾನ್‌ನ 3 ಮಾತ್ರ ಹಾಗೇ ಉಳಿಯುತ್ತದೆ, ಅಲ್ಲಿ ಕಟ್ಟೇ ಇಲ್ಲ. ಒಟ್ಟು 32. ದೊಡ್ಡ ಸಂಖ್ಯೆಗಳೆಲ್ಲ ಒಂದೊಂದು ಕಡಿಮೆಯಾಗಿ ಚಿಕ್ಕದು ಸರಿಯಿದ್ದರೆ ನೇರವಾಗಿ ಅಡ್ಡಗೆರೆಯನ್ನೇ ನೋಡಿ.

ಗ್ರಾಫ್ ಬರೆಯುವುದು ಇಷ್ಟಾದ ಮೇಲೆ ಸುಲಭ. ಅತಿ ದೊಡ್ಡ ಸಂಖ್ಯೆ 11, ಹಾಗಾಗಿ ಒಂದು ಚೌಕಕ್ಕೆ ಒಬ್ಬ ವಿದ್ಯಾರ್ಥಿ ಅಂತ ಇಟ್ಟರೆ ಹಾಳೆಯಲ್ಲಿ ಹಿಡಿಯುತ್ತದೆ. ಮಾದರಿ ಲೆಕ್ಕದಲ್ಲಿ ನೋಡಿದ್ದೇವೆ ಅಂತ ಒಂದು ಚೌಕಕ್ಕೆ ಹತ್ತು ಇಟ್ಟರೆ ಎಲ್ಲ ಕಂಬಗಳೂ ಒಂದು ಚೌಕದ ಆಸುಪಾಸಿನಲ್ಲೇ ಕೂತುಬಿಡುತ್ತವೆ. ಕಂಬಗಳ ಅಗಲ ಒಂದೇ ಇರಲಿ, ನಡುವಿನ ಜಾಗ ಒಂದೇ ಇರಲಿ. ಸೊನ್ನೆಯಿಂದಲೇ ಶುರುವಾಗಲಿ. ಯಾಕೆ ಅಂತ ಕೇಳುವ ಮಗುವಿಗೆ ಅದೇ ಗ್ರಾಫನ್ನು 2ರಿಂದ ಶುರು ಮಾಡಿ ಬರೆಯಲು ಹೇಳಿ. ನಡೆದು ಬರುವವರ ಕಂಬ 9 ಚೌಕ, ವ್ಯಾನ್ ಕಂಬ 1 ಚೌಕ. ಕಣ್ಣಿಗೆ ಒಂಬತ್ತು ಪಟ್ಟು ಕಾಣುತ್ತದೆ, ನಿಜವಾಗಿ 11 ಮತ್ತು 3, ನಾಲ್ಕು ಪಟ್ಟೂ ಇಲ್ಲ.

ನೀವು ಕೇಳಿಲ್ಲ, ಆದರೂ ಕಂಬಗಳ ಕ್ರಮದ ಬಗ್ಗೆ ಒಂದು ಮಾತು. ಬಸ್ ಮೊದಲೋ ಸೈಕಲ್ ಮೊದಲೋ, ಯಾವುದಾದರೂ ನಡೆಯುತ್ತದೆ. ಅದಕ್ಕೇ ಕಂಬಗಳ ತುದಿಗಳನ್ನು ಗೆರೆ ಎಳೆದು ಸೇರಿಸಿ "ಏರುತ್ತಿದೆ, ಇಳಿಯುತ್ತಿದೆ" ಅನ್ನುವುದಕ್ಕೆ ಅರ್ಥವಿಲ್ಲ. ಕ್ರಮ ಬದಲಿಸಿದರೆ ಏರಿದ್ದು ಇಳಿಯುತ್ತದೆ. ಆದರೆ "ನಿನಗೆ ಒಡಹುಟ್ಟಿದವರು ಎಷ್ಟು ಜನ" ಅಂತ ಕೇಳಿದ್ದರೆ ಆಗ ಅಡಿಯಲ್ಲಿ 0, 1, 2, 3, 4 ಅಂತ ಸಾಲಾಗಿಯೇ ಬರಬೇಕು. ಮೂರು ಇರುವವರು ಒಬ್ಬರೂ ಇಲ್ಲ, ನಾಲ್ಕು ಇರುವ ಮಗು ಒಂದಿದೆ ಅಂತಿಟ್ಟುಕೊಳ್ಳಿ. ಮಕ್ಕಳು 3ನ್ನು ಬಿಟ್ಟು 2ರ ಪಕ್ಕಕ್ಕೇ 4 ಬರೆಯುತ್ತಾರೆ. ಬಿಡಬಾರದು. 3 ಅಂತ ಬರೆದು ಅದರ ಮೇಲೆ ಖಾಲಿ ಜಾಗ ಬಿಡಬೇಕು. "ಸಾರ್, ಇಲ್ಲಿ ಕಂಬವೇ ಇಲ್ಲವಲ್ಲ" ಅಂತ ಯಾರಾದರೂ ಕೇಳೇ ಕೇಳುತ್ತಾರೆ. ಇದೆ, ಅದರ ಎತ್ತರ ಸೊನ್ನೆ ಅಂತ ಹೇಳಿ.