ಪದ ಪರಿಚಯ: ಕೆನ್ ಬರ್ನ್ಸ್ ಎಫೆಕ್ಟ್

ಪರದೆಯ ಮೇಲಿನ ಫೋಟೊ ತಾನು ಅಲುಗಾಡದಿದ್ದರೂ ಕ್ಯಾಮೆರಾ ಅದರ ಹತ್ತಿರ ಹೋದಂತೆ, ಹಿಂದೆ ಸರಿದಂತೆ ಅಥವಾ ಪಕ್ಕಕ್ಕೆ ಜರುಗಿದಂತೆ ತೋರಿಸುವ ವಿಧಾನಕ್ಕೆ ಕೆನ್ ಬರ್ನ್ಸ್ ಎಫೆಕ್ಟ್ ಎನ್ನುತ್ತಾರೆ. ಅಮೆರಿಕದ ಸಾಕ್ಷ್ಯಚಿತ್ರ ನಿರ್ದೇಶಕ ಕೆನ್ ಬರ್ನ್ಸ್ 1990ರಲ್ಲಿ ಪ್ರಸಾರವಾದ ಅಂತರ್ಯುದ್ಧದ ಸರಣಿಯಲ್ಲಿ ಹಳೆಯ ಫೋಟೊಗಳನ್ನು ಹೀಗೆ ತೋರಿಸಿ ಜನಪ್ರಿಯಗೊಳಿಸಿದರು. ವಿಧಾನ ಅವರಿಗಿಂತ ಹಳೆಯದು. 1957ರ ಕೆನಡಾದ ಸಾಕ್ಷ್ಯಚಿತ್ರವೊಂದು ತಮಗೆ ದಾರಿ ತೋರಿತೆಂದು ಅವರೇ ಹೇಳಿದ್ದಾರೆ. 2003ರಲ್ಲಿ ಆಪಲ್ ಕಂಪನಿ ಐಮೂವಿ ತಂತ್ರಾಂಶದಲ್ಲಿ ಈ ಸೌಲಭ್ಯವನ್ನು ಅವರ ಹೆಸರಿನಲ್ಲೇ ಕೊಟ್ಟ ಮೇಲೆ ಹೆಸರು ಎಲ್ಲೆಡೆ ನಿಂತುಬಿಟ್ಟಿತು.

ಫೋಟೊಗಳನ್ನು ಹಾಡಿಗೆ ಹೊಂದಿಸಿ ವಿಡಿಯೊ ಮಾಡುವವರಿಗೆ ಈ ಚಲನೆ ಎಷ್ಟಿರಬೇಕು ಎನ್ನುವುದೇ ಮೊದಲ ಪ್ರಶ್ನೆ. ಐದು ಸೆಕೆಂಡು ನಿಲ್ಲುವ ಫೋಟೊಗೆ ಶೇ 5ರಿಂದ 10ರಷ್ಟು ಝೂಮ್ ಸಾಕು, ಉದಾಹರಣೆಗೆ ಶೇ 100ರ ಗಾತ್ರದಿಂದ 108ರವರೆಗೆ. ನೋಡುವವರಿಗೆ ಝೂಮ್ ಆಗುತ್ತಿದೆ ಎಂಬುದೇ ಗೊತ್ತಾಗಬಾರದು, ಫೋಟೊ ಜಡವಾಗಿದೆ ಎಂದೂ ಅನ್ನಿಸಬಾರದು. ಹಲವು ಆ್ಯಪ್‌ಗಳು ತಾವಾಗಿ ಹಾಕುವ ಝೂಮ್ ಇದಕ್ಕಿಂತ ಹೆಚ್ಚಿರುತ್ತದೆ. ಅದನ್ನು ಇಳಿಸಿಕೊಳ್ಳದಿದ್ದರೆ ಹತ್ತು ಫೋಟೊ ನೋಡುವಷ್ಟರಲ್ಲಿ ಕಣ್ಣು ದಣಿಯುತ್ತದೆ. ಝೂಮ್‌ನ ಕೇಂದ್ರವನ್ನೂ ನೀವೇ ಗುರುತಿಸಬೇಕು. ಮುಖ ಅಂಚಿನಲ್ಲಿದ್ದು ಝೂಮ್ ನಡುವಿಗೆ ಹೋದರೆ, ಮುಖ ಮೆಲ್ಲಗೆ ಚೌಕಟ್ಟಿನಾಚೆ ಜಾರುತ್ತದೆ. ಒಬ್ಬರದೇ ಮುಖವಿದ್ದರೆ ಒಳಕ್ಕೆ, ಗುಂಪು ಅಥವಾ ವಿಶಾಲ ನೋಟವಿದ್ದರೆ ಹೊರಕ್ಕೆ ಹೋಗುವುದು ಒಪ್ಪುತ್ತದೆ. ಒಂದು ಒಳಕ್ಕೆ, ಮರುಕ್ಷಣ ಇನ್ನೊಂದು ಹೊರಕ್ಕೆ ಎಂದು ಯಾಂತ್ರಿಕವಾಗಿ ಬದಲಿಸುತ್ತ ಹೋದರೆ ಇಡೀ ವಿಡಿಯೊ ತೂಗಾಡಿದಂತಾಗುತ್ತದೆ.

ಇನ್ನು ಸಂಗೀತದ ಲೆಕ್ಕ. ಹಾಡು ಕೇಳುತ್ತ 15 ಸೆಕೆಂಡಿನಲ್ಲಿ ಬೀಳುವ ಬೀಟ್‌ಗಳನ್ನು ಎಣಿಸಿ ನಾಲ್ಕರಿಂದ ಗುಣಿಸಿದರೆ ನಿಮಿಷಕ್ಕೆ ಎಷ್ಟು ಬೀಟ್ ಎಂದು ತಿಳಿಯುತ್ತದೆ. 24 ಬಂದರೆ 96. ಆಗ ಒಂದು ಬೀಟ್‌ಗೆ 0.625 ಸೆಕೆಂಡು, ನಾಲ್ಕು ಬೀಟ್‌ಗಳ ಒಂದು ಆವರ್ತನಕ್ಕೆ 2.5 ಸೆಕೆಂಡು. ಪ್ರತಿ ಬೀಟ್‌ಗೂ ಫೋಟೊ ಬದಲಿಸುವ ಆಸೆ ಬೇಡ, ಅಷ್ಟರಲ್ಲಿ ಯಾವ ಮುಖವೂ ಕಣ್ಣಿಗೆ ದಕ್ಕುವುದಿಲ್ಲ. ಎರಡು ಆವರ್ತನಕ್ಕೊಂದು ಫೋಟೊ, ಅಂದರೆ 5 ಸೆಕೆಂಡು ಇಟ್ಟುಕೊಂಡು, ಆವರ್ತನದ ಮೊದಲ ಬೀಟ್ ಮೇಲೆ ಬದಲಿಸಿ. ಹಾಡು ರಭಸ ಪಡೆಯುವಲ್ಲಿ ಒಂದೇ ಆವರ್ತನಕ್ಕೆ ಇಳಿಸಬಹುದು. ಹಾಡಿನ ಫೈಲಿನ ಆರಂಭದಲ್ಲಿ ಸಾಮಾನ್ಯವಾಗಿ ಒಂದಿಷ್ಟು ಮೌನ ಇರುತ್ತದೆ. ತಂತ್ರಾಂಶ ತೋರಿಸುವ ಧ್ವನಿಯ ಅಲೆಯ ಚಿತ್ರ ನೋಡಿ, ಮೊದಲ ಬೀಟ್ ಏಳುವಲ್ಲಿಗೆ ಕತ್ತರಿಸಿಕೊಂಡ ಮೇಲೆಯೇ ಎಣಿಕೆ ಶುರುವಾಗಬೇಕು.

ಇಷ್ಟೆಲ್ಲ ಲೆಕ್ಕ ಹಾಕಿದರೂ ಫೋಟೊಗಳು ಬೀಟ್ ತಪ್ಪುತ್ತವೆ ಎಂಬ ದೂರು ಬಹಳ ಸಾಮಾನ್ಯ. ಕಾರಣ ಹೆಚ್ಚಿನಂಶ ಕ್ರಾಸ್ ಡಿಸಾಲ್ವ್, ಅಂದರೆ ಒಂದು ಫೋಟೊ ಕರಗುತ್ತ ಇನ್ನೊಂದು ಮೂಡುವ ಆ ಒಂದು ಸೆಕೆಂಡು. ಕೆಲವು ತಂತ್ರಾಂಶಗಳಲ್ಲಿ ಡಿಸಾಲ್ವ್ ಹಾಕಿದರೂ ಒಟ್ಟು ಅವಧಿ ಬದಲಾಗುವುದಿಲ್ಲ. ಇನ್ನು ಕೆಲವು ಮುಂದಿನ ಫೋಟೊವನ್ನು ಹಿಂದಿನದರ ಮೇಲಕ್ಕೆ ಎಳೆದುಕೊಳ್ಳುತ್ತವೆ. ಅಲ್ಲಿ 5 ಸೆಕೆಂಡಿನ 24 ಫೋಟೊಗಳು 120 ಸೆಕೆಂಡು ಆಗುವ ಬದಲು, ನಡುವಿನ 23 ಡಿಸಾಲ್ವ್‌ಗಳು ತಲಾ ಒಂದು ಸೆಕೆಂಡು ನುಂಗಿ 97 ಸೆಕೆಂಡಿಗೆ ಮುಗಿಯುತ್ತವೆ. 5 ಸೆಕೆಂಡಿಗೊಮ್ಮೆ ಆಗಬೇಕಿದ್ದ ಬದಲಾವಣೆ 4 ಸೆಕೆಂಡಿಗೊಮ್ಮೆ ಆಗುತ್ತದೆ, ಅದು ಬೀಟ್‌ಗಳ ನಡುವೆ ಎಲ್ಲೋ ಬೀಳುತ್ತದೆ. ನಿಮ್ಮ ತಂತ್ರಾಂಶ ಯಾವ ಬಗೆಯದು ಎಂದು ತಿಳಿಯಲು ಒಂದು ಡಿಸಾಲ್ವ್ ಹಾಕಿ ಒಟ್ಟು ಅವಧಿ ಕಡಿಮೆಯಾಯಿತೇ ಎಂದು ನೋಡಿದರೆ ಸಾಕು.

ಕಡಿಮೆಯಾಗುವುದಾದರೆ ನಡುವಿನ 22 ಫೋಟೊಗಳನ್ನು 6 ಸೆಕೆಂಡಿಗೆ, ಮೊದಲನೆಯದನ್ನೂ ಕೊನೆಯದನ್ನೂ 5.5 ಸೆಕೆಂಡಿಗೆ ಇಡಿ. ಮೊದಲ ಡಿಸಾಲ್ವ್ 4.5ರಿಂದ 5.5ರವರೆಗೆ ನಡೆಯುತ್ತದೆ, ಅದರ ಮಧ್ಯಬಿಂದು ಸರಿಯಾಗಿ 5ನೇ ಸೆಕೆಂಡಿನ ಬೀಟ್ ಮೇಲೆ ಬೀಳುತ್ತದೆ. ಮುಂದಿನದು 10, ಆಮೇಲೆ 15, ಹೀಗೇ ಸಾಗಿ ಒಟ್ಟು 120 ಸೆಕೆಂಡಿಗೆ ಮುಗಿಯುತ್ತದೆ. ಮಧ್ಯಬಿಂದುವೇ ಏಕೆಂದರೆ, ಎರಡು ಚಿತ್ರಗಳು ಸಮವಾಗಿ ಬೆರೆತು ಹೊಸದು ಮೇಲುಗೈ ಪಡೆಯುವ ಆ ಕ್ಷಣವನ್ನೇ ಕಣ್ಣು ಬದಲಾವಣೆ ಎಂದು ಗುರುತಿಸುತ್ತದೆ. ಡಿಸಾಲ್ವ್ ಬೀಟ್ ಮೇಲೆ ಆರಂಭವಾದರೆ ಚಿತ್ರ ಹಾಡಿನ ಹಿಂದೆ ಓಡಿಬಂದಂತೆ ತೋರುತ್ತದೆ.

ಅವಧಿಗಳನ್ನು ಒಂದರ ಮೇಲೊಂದು ಕೂಡಿಸುತ್ತ ಹೋಗುವುದರಲ್ಲೂ ಒಂದು ಅಪಾಯವಿದೆ. ಸೆಕೆಂಡಿಗೆ 30 ಫ್ರೇಮ್‌ನ ವಿಡಿಯೊದಲ್ಲಿ ನಿಮಿಷಕ್ಕೆ 96 ಬೀಟ್‌ನ ಹಾಡಿನ ಆವರ್ತನಕ್ಕೆ ಸರಿಯಾಗಿ 75 ಫ್ರೇಮ್ ಸಿಗುತ್ತದೆ. ಹಾಡು 92ರದಾದರೆ ಅದು 78.26 ಫ್ರೇಮ್. ಪ್ರತಿಸಲವೂ 78ಕ್ಕೆ ಇಳಿಸಿದರೆ ನಲವತ್ತು ಆವರ್ತನ ದಾಟುವಷ್ಟರಲ್ಲಿ ಹತ್ತು ಫ್ರೇಮ್, ಅಂದರೆ ಸೆಕೆಂಡಿನ ಮೂರನೇ ಒಂದು ಭಾಗ ಮುಂದೆ ಹೋಗಿರುತ್ತೀರಿ. ಆದ್ದರಿಂದ ಹಾಡು ನುಡಿಸುತ್ತ ಮೊದಲು ಬೀಟ್ ಬೀಳುವಲ್ಲೆಲ್ಲ ಮಾರ್ಕರ್ ಎಂಬ ಗುರುತುಗಳನ್ನು ಹಾಕಿಕೊಳ್ಳಿ (ಡಾವಿಂಚಿ ರಿಸಾಲ್ವ್, ಪ್ರೀಮಿಯರ್ ಎಂಬ ಎಡಿಟಿಂಗ್ ತಂತ್ರಾಂಶಗಳೆರಡರಲ್ಲೂ M ಕೀಲಿ), ಆಮೇಲೆ ಫೋಟೊಗಳನ್ನು ಅವಕ್ಕೆ ಹೊಂದಿಸಿ. ಮನುಷ್ಯರೇ ನುಡಿಸಿದ ತಾಳವಾದ್ಯದ ಹಾಡುಗಳಲ್ಲಿ ವೇಗ ತುಸು ಏರಿಳಿಯುವುದರಿಂದ ಅಲ್ಲಿ ಕಿವಿಯೊಂದೇ ದಾರಿ.

ಡಿಸಾಲ್ವ್ ನಡೆಯುವಾಗಲೂ ಝೂಮ್ ನಿಲ್ಲಬಾರದು. 6 ಸೆಕೆಂಡಿನ ಫೋಟೊದಲ್ಲಿ ಚಲನೆ 5 ಸೆಕೆಂಡಿಗೇ ಮುಗಿದರೆ, ಕರಗುವ ಹೊತ್ತಿಗೆ ಚಿತ್ರ ಗಕ್ಕನೆ ನಿಂತದ್ದು ಕಾಣುತ್ತದೆ. ಕೊನೆಯಲ್ಲಿ ವೇಗ ತಗ್ಗಿಸುವ ಈಸ್ ಔಟ್ ಆಯ್ಕೆಯೂ ಇದೇ ತೊಂದರೆ ತರುತ್ತದೆ. ಡಿಸಾಲ್ವ್ ಇರುವಲ್ಲಿ ಮೊದಲಿನಿಂದ ಕೊನೆಯವರೆಗೆ ಒಂದೇ ವೇಗದ ಲೀನಿಯರ್ ಚಲನೆಯೇ ಮೇಲು.

ಇದೆಲ್ಲ ಸರಿಯಾದ ಮೇಲೂ ಚಿತ್ರ ಸಣ್ಣಗೆ ನಡುಗುವುದುಂಟು. 1920 ಪಿಕ್ಸೆಲ್ ಅಗಲದಲ್ಲಿ ಶೇ 8ರ ಝೂಮ್ ಅಂದರೆ ಎರಡೂ ಅಂಚಿಗೆ ತಲಾ 77 ಪಿಕ್ಸೆಲ್. 180 ಫ್ರೇಮ್‌ಗಳಿಗೆ ಹಂಚಿದರೆ ಫ್ರೇಮ್‌ಗೆ ಅರ್ಧ ಪಿಕ್ಸೆಲ್‌ಗೂ ಕಡಿಮೆ. ತಂತ್ರಾಂಶ ಪೂರ್ಣ ಪಿಕ್ಸೆಲ್‌ಗೇ ಹೊಂದಿಸುವುದಾದರೆ ಅಂಚು ಒಮ್ಮೆ ಜಿಗಿದು, ಒಮ್ಮೆ ನಿಂತು ಸಾಗುತ್ತದೆ. ಕಿಟಕಿಯ ಸರಳು, ಅಕ್ಷರಗಳಂಥ ತೆಳು ಗೆರೆಗಳಲ್ಲಿ ಇದು ಎದ್ದು ಕಾಣುತ್ತದೆ. ಆಜ್ಞೆ ಬರೆದು ವಿಡಿಯೊ ತಯಾರಿಸುವ `ffmpeg` ತಂತ್ರಾಂಶ ಬಳಸುವವರಿಗೆ ಇದರ ಪರಿಚಯ ಚೆನ್ನಾಗಿಯೇ ಇರುತ್ತದೆ. ಫೋಟೊವನ್ನು ಮೊದಲು ವಿಡಿಯೊದ ನಾಲ್ಕು ಪಟ್ಟು ಅಗಲಕ್ಕೆ ಹಿಗ್ಗಿಸಿ ಆಮೇಲೆ ಝೂಮ್ ಮಾಡಿದರೆ ಜಿಗಿತ ಅರ್ಧ ಪಿಕ್ಸೆಲ್ ಇಲ್ಲವೇ ಅದಕ್ಕೂ ಕಡಿಮೆಗೆ ಇಳಿದು ಕಣ್ಣಿಗೆ ಬೀಳುವುದಿಲ್ಲ. ಅಡ್ಡವಾಗಿ ತೆಗೆದ 4:3 ಅನುಪಾತದ ಫೋಟೊಗೆ ಹೀಗೆ:

```
ffmpeg -i photo.jpg -vf "scale=7680:-2,crop=7680:4320,zoompan=z='1+0.08*on/180':x='iw/2-(iw/zoom/2)':y='ih/2-(ih/zoom/2)':d=180:s=1920x1080:fps=30" -c:v libx264 -pix_fmt yuv420p clip.mp4
```

ಇಲ್ಲಿ `d=180` ಎಂಬುದೇ 6 ಸೆಕೆಂಡು. `x`, `y` ಬಿಟ್ಟರೆ ಝೂಮ್ ಎಡ ಮೇಲ್ಮೂಲೆಗೆ ಹೋಗುತ್ತದೆ. `crop` ನಡುವಿನ ಭಾಗವನ್ನೇ ಉಳಿಸಿಕೊಳ್ಳುವುದರಿಂದ ತಲೆ ಕತ್ತರಿಸಿಹೋಗಿದೆಯೇ ಎಂದು ನೋಡಿಕೊಳ್ಳಬೇಕು.

ಹೀಗೆ ಹಿಗ್ಗಿಸುವುದರಿಂದ ನಡುಕ ಹೋಗುತ್ತದೆಯೇ ಹೊರತು ಇಲ್ಲದ ವಿವರ ಹುಟ್ಟುವುದಿಲ್ಲ. 4000 ಪಿಕ್ಸೆಲ್ ಅಗಲದ ಫೋಟೊವನ್ನು ಎರಡು ಪಟ್ಟು ಹತ್ತಿರ ತಂದರೂ 1920ರ ವಿಡಿಯೊದಲ್ಲಿ ಸ್ಪಷ್ಟವಾಗಿರುತ್ತದೆ. ಮೆಸೇಜ್‌ನಲ್ಲಿ ಬಂದು 1280ಕ್ಕೆ ಕುಗ್ಗಿದ ಫೋಟೊ ಝೂಮ್ ಮಾಡುವ ಮೊದಲೇ ಒಂದೂವರೆ ಪಟ್ಟು ಹಿಗ್ಗಿರುತ್ತದೆ. ಅಂಥದ್ದಕ್ಕೆ ಮೂಲ ಫೈಲನ್ನೇ ಕೇಳಿ ತರಿಸಿಕೊಳ್ಳಿ. ಸಿಗದಿದ್ದರೆ ಅದನ್ನು ಚೌಕಟ್ಟಿನೊಳಗೆ ಚಿಕ್ಕದಾಗಿಟ್ಟು, ಶೇ 3ರಷ್ಟು ಚಲನೆ ಮಾತ್ರ ಕೊಡಿ.